ವಿಳಾಸವನ್ನು ಕೊನೆಯಿಂದ ಓದುವುದು



ನಮ್ಮ ಮದುಕ್ಕರೈಯ ಸಂಘದ ಹಳೆಯ ಚಿತ್ರಗಳ ಪ್ರದರ್ಶನವನ್ನು ತೆರೆಯಲು ನನ್ನನ್ನು ಕರೆದಿದ್ದೀರಿ. ರಿಬ್ಬನ್ ಕತ್ತರಿಸುವ ಮೊದಲೇ ಆಸೆ ತಡೆಯಲಾಗದೆ ಒಳಗೆ ಒಂದು ಸುತ್ತು ಹಾಕಿ ಬಂದೆ. ಮಗ್ಗದ ಮುಂದೆ ಕೂತ ಅಜ್ಜ, ಸಿಮೆಂಟ್ ಕಾರ್ಖಾನೆಯ ಗೇಟಿನೆದುರು ಸೈಕಲ್ ಹಿಡಿದು ನಿಂತ ಹುಡುಗರು, ಧರ್ಮಲಿಂಗೇಶ್ವರ ಬೆಟ್ಟದ ಮೆಟ್ಟಿಲ ಮೇಲೆ ಕೂತು ಉಸಿರು ಸುಧಾರಿಸಿಕೊಳ್ಳುತ್ತಿರುವ ಹೆಂಗಸರು. ಪ್ರತಿ ಚಿತ್ರದ ಕೆಳಗೂ ಒಂದು ಕ್ಯೂಆರ್ ಚೌಕ ಅಂಟಿಸಿದ್ದಾರೆ. ಅದಕ್ಕೆ ಫೋನ್ ಹಿಡಿದರೆ ಆ ಮನೆಯವರು ಕೊಟ್ಟ ಉಳಿದ ಚಿತ್ರಗಳೂ ಕಾಣುತ್ತವೆ. ಆ ಚೌಕದೊಳಗೆ ಇರುವುದು ಒಂದು ಲಿಂಕ್, ಬೇರೇನಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ನಾನು. ಹಾಗಾಗಿ ಚಿತ್ರಗಳ ಬಗ್ಗೆ ಹಿರಿಯರು ಮಾತಾಡಲಿ, ನೀವು ಲಿಂಕ್ ಬಗ್ಗೆ ಹೇಳಿ ಎಂದರು ನಮ್ಮ ಕಾರ್ಯದರ್ಶಿಗಳು.

ನಮ್ಮ ದೊಡ್ಡಮ್ಮನ ಕಥೆಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಬಹಳ ಮಂದಿಯ ಹಾಗೆ ಆಕೆಗೂ ಮನೆಯಲ್ಲಿ ಕನ್ನಡ, ಓದಲು ಬರೆಯಲು ತಮಿಳು. ಇಂಗ್ಲಿಷ್ ಅಕ್ಷರಗಳ ಗುರುತು ಇದೆ, ಭಾಷೆ ಗೊತ್ತಿಲ್ಲ. ಆಕೆಯ ಹೆಸರಿನಲ್ಲಿ ಒಂದು ಸ್ಕೂಟರ್ ಇದೆ, ಓಡಿಸುವವನು ಮೊಮ್ಮಗ. ಒಂದು ಮಧ್ಯಾಹ್ನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಸಂಚಾರ ನಿಯಮ ಮುರಿದಿದ್ದೀರಿ, ಇಷ್ಟು ದಂಡ, ಇಂದೇ ಕಟ್ಟದಿದ್ದರೆ ಕೋರ್ಟಿಗೆ ಎಂದು. ಕೆಳಗೆ ಒಂದು ಲಿಂಕ್. ಕಳಿಸಿದವನು ನಮ್ಮದೇ ಚಿಕ್ಕಪ್ಪನ ಮಗ. ಎಲ್ಲರೂ ಹುಷಾರಾಗಿರಲಿ ಎಂದು ಅವನು ಕಳಿಸಿದ್ದ, ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಮನೆಯ ಹುಡುಗನ ಹೆಸರಿನಡಿ ಬಂದದ್ದರಿಂದ ದೊಡ್ಡಮ್ಮ ಅದನ್ನು ನಂಬಿಬಿಟ್ಟಳು. ದಂಡ ಕಟ್ಟಲು ಹೊರಟವಳಿಗೆ ಕಾರ್ಡಿನ ನಂಬರ್ ಹೇಗೆ ಹಾಕುವುದೆಂದು ತಿಳಿಯದೆ ನನಗೆ ಫೋನ್ ಮಾಡಿದಳು. ಅದೇ ನಮ್ಮ ಅದೃಷ್ಟ.

ನಾನು ಆಕೆಗೆ, ಇನ್ನೇನೂ ಒತ್ತಬೇಡ, ಆ ಲಿಂಕಿನ ಒಂದೊಂದು ಅಕ್ಷರವನ್ನೂ ಚುಕ್ಕಿ ಸಮೇತ ಓದು ಎಂದೆ. ಆಕೆ ಓದಿದಳು. ಈ ಓದುವ ಕ್ರಮವನ್ನೇ ಇವತ್ತು ನಿಮ್ಮೆಲ್ಲರ ಕೈಗೆ ಕೊಡಬೇಕೆಂದು ಬಂದಿದ್ದೇನೆ. ಇದಕ್ಕೆ ಇಂಗ್ಲಿಷ್ ಬರಬೇಕಿಲ್ಲ. ಕಾಗದದ ಮೇಲೆ ವಿಳಾಸ ಬರೆದು ಅಂಚೆಗೆ ಹಾಕಿದ ಅನುಭವ ಸಾಕು.

ನಾವು ವಿಳಾಸ ಹೇಗೆ ಬರೆಯುತ್ತೇವೆ? ಮೊದಲು ಮನೆ, ಆಮೇಲೆ ಬೀದಿ, ಆಮೇಲೆ ಊರು, ಜಿಲ್ಲೆ. ಚಿಕ್ಕದರಿಂದ ದೊಡ್ಡದಕ್ಕೆ. ಕಾಗದ ಎಲ್ಲಿಗೆ ಹೋಗುತ್ತದೆ ಎಂದು ತೀರ್ಮಾನಿಸುವುದು ಕೊನೆಯ ಸಾಲು. ಯಾರೋ ಒಬ್ಬರು ತಮ್ಮ ಮನೆಗೆ ‘ಮದುಕ್ಕರೈ ನಿಲಯ’ ಎಂದು ಹೆಸರಿಟ್ಟುಕೊಂಡು ಪಾಲಕ್ಕಾಡಿನಲ್ಲಿ ವಾಸವಾಗಿದ್ದರೆ, ಆ ಕಾಗದ ವಾಳಯಾರು ದಾಟಿ ಪಾಲಕ್ಕಾಡಿಗೇ ಹೋಗುತ್ತದೆ, ನಮ್ಮ 641105ಕ್ಕೆ ಬರುವುದಿಲ್ಲ. ಲಿಂಕಿನ ವಿಳಾಸವೂ ಇದೇ ಕ್ರಮದಲ್ಲಿರುತ್ತದೆ. ಈ ಎರಡನ್ನು ನೋಡಿ, ಹಿಂದಿನ ಹಲಗೆಯ ಮೇಲೂ ದೊಡ್ಡದಾಗಿ ಬರೆಸಿದ್ದೇನೆ.

```
https://echallan.parivahan.gov.in/
https://parivahan.gov.in.challan-pay.example/
```

ಮೊದಲಿನ `https://` ಅನ್ನು ಬಿಟ್ಟುಬಿಡಿ. ಅದರ ನಂತರ ಬರುವ ಮೊದಲ ಓರೆಗೆರೆಯ ಮೇಲೆ ಬೆರಳಿಡಿ. ಅಲ್ಲಿಂದ ಎಡಕ್ಕೆ, ಹಿಂದುಹಿಂದಕ್ಕೆ ಓದಿ. ಮೊದಲ ಸಾಲಿನಲ್ಲಿ ಬೆರಳಿಗೆ ಸಿಗುವುದು `gov.in`. ಇದನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ, ದುಡ್ಡು ಕೊಟ್ಟರೂ ಖಾಸಗಿಯವರಿಗೆ ಸಿಗುವುದಿಲ್ಲ. ಅದರ ಎಡಕ್ಕೆ ಇರುವುದು `parivahan`, ಸಾರಿಗೆ ಇಲಾಖೆಯ ಮನೆ. ಎರಡನೆಯ ಸಾಲಿಗೆ ಬನ್ನಿ. ಅಲ್ಲಿಯೂ `gov.in` ಇದೆ. ಆದರೆ ಎಲ್ಲಿದೆ? ನಡುವೆ. ಓರೆಗೆರೆಯ ಪಕ್ಕದಲ್ಲಿರುವುದು `challan-pay.example`. ಅದೇ ಊರು. ಅದರ ಎಡಕ್ಕಿರುವುದೆಲ್ಲ ಆ ಊರಿನವನು ತನ್ನ ಮನೆಗೆ ತಾನೇ ಇಟ್ಟುಕೊಂಡ ಹೆಸರು, ಏನು ಬೇಕಾದರೂ ಇಟ್ಟುಕೊಳ್ಳಬಹುದು. `.example` ಎಂಬುದನ್ನು ಉದಾಹರಣೆಗೆಂದೇ ತೆಗೆದಿರಿಸಿದ್ದಾರೆ, ಮಕ್ಕಳು ಮನೆಗೆ ಹೋಗಿ ಒತ್ತಿದರೂ ಅಪಾಯವಿಲ್ಲವೆಂದು ಅದನ್ನು ಬಳಸಿದ್ದೇನೆ. ನಿಜವಾದ ಮೋಸದ ಲಿಂಕಿನಲ್ಲಿ ಆ ಜಾಗದಲ್ಲಿ ಬೇರೆ ಏನೋ ಇರುತ್ತದೆ.

ದೊಡ್ಡಮ್ಮನಿಗೆ ಬಂದದ್ದರಲ್ಲಿ ಇನ್ನೊಂದು ಕೈಚಳಕವಿತ್ತು. ಚುಕ್ಕಿ ಇರಬೇಕಾದ ಕಡೆ ಸಣ್ಣ ಅಡ್ಡಗೆರೆ. ಚುಕ್ಕಿ ಎಂದರೆ ಮನೆಗೂ ಬೀದಿಗೂ ನಡುವಿನ ಗೋಡೆ. ಅಡ್ಡಗೆರೆ ಗೋಡೆಯಲ್ಲ, ಒಂದೇ ಹೆಸರಿನ ಎರಡು ತುಂಡುಗಳನ್ನು ಹೊಲಿದ ದಾರ. `gov` ಎಂಬುದನ್ನು ಅಡ್ಡಗೆರೆಯಿಂದ ಇನ್ನೊಂದು ಪದಕ್ಕೆ ಹೊಲಿದರೆ ಅದು ಸರ್ಕಾರದ್ದಲ್ಲ, ಯಾರು ಬೇಕಾದರೂ ಕೊಂಡುಕೊಳ್ಳಬಹುದಾದ ಹೆಸರು. “ಇಲ್ಲಿ ಚುಕ್ಕಿ ಇಲ್ಲ ಕಣೇ, ಗೀಟು ಇದೆ” ಎಂದು ದೊಡ್ಡಮ್ಮನೇ ಹಿಡಿದಳು. ಮಗ್ಗದ ಮನೆಯಲ್ಲಿ ಹುಟ್ಟಿದವಳು, ಒಂದು ಎಳೆ ತಪ್ಪಿದರೂ ಕಣ್ಣಿಗೆ ಬೀಳುತ್ತದೆ.

ಬ್ಯಾಂಕುಗಳ ವಿಷಯದಲ್ಲೂ ಈಗ ಕೊನೆಯಿಂದ ಓದುವುದು ಸುಲಭವಾಗಿದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ `bank.in` ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಸ್ಟೇಟ್ ಬ್ಯಾಂಕಿನದು `sbi.bank.in`. ಇದನ್ನು ಬ್ಯಾಂಕ್ ಅಲ್ಲದವರಿಗೆ ಕೊಡುವುದಿಲ್ಲ. ನಿಮ್ಮ ಪಾಸ್‌ಬುಕ್ಕಿನ ಹಿಂದೆ ನಿಮ್ಮ ಬ್ಯಾಂಕಿನ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ಹೋಲಿಸಲು ಬರುತ್ತದೆ. ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತನ್ನು ಮಾತ್ರ ನೆಚ್ಚಬೇಡಿ. ದಾರಿಯಲ್ಲಿ ಯಾರೂ ಇಣುಕಿ ನೋಡುವುದಿಲ್ಲ ಎಂದಷ್ಟೇ ಅದರ ಅರ್ಥ. ದಾರಿಯ ಕೊನೆಯಲ್ಲಿ ಕೂತವನು ಕಳ್ಳನೋ ಸಾಹುಕಾರನೋ ಎಂದು ಬೀಗ ಹೇಳುವುದಿಲ್ಲ. ಲಿಂಕಿನ ಜೊತೆ ವಾಟ್ಸಾಪಿನಲ್ಲಿ ಮೂಡುವ ಚಿತ್ರ, ಶೀರ್ಷಿಕೆಗಳೂ ಅಷ್ಟೆ. ಅವನ್ನು ಒದಗಿಸುವುದು ಆ ತಾಣದವನೇ.

ಈ ಕ್ರಮಕ್ಕೆ ಒಂದು ಮಿತಿ ಇದೆ. ವಿಳಾಸ ಕಟ್ಟಡ ಯಾರದೆಂದು ಹೇಳುತ್ತದೆ, ಒಳಗಿನ ಬಾಡಿಗೆದಾರ ಯಾರೆಂದು ಹೇಳುವುದಿಲ್ಲ. `docs.google.com` ಎಂಬುದು ನಿಜಕ್ಕೂ ಗೂಗಲ್‌ನದೇ. ಆದರೆ ಅಲ್ಲಿ ಯಾರು ಬೇಕಾದರೂ ಒಂದು ಫಾರ್ಮ್ ಮಾಡಿ, ಮೇಲೆ ಬ್ಯಾಂಕಿನ ಚಿತ್ರ ಹಚ್ಚಿ, ಒಟಿಪಿ ಕೇಳಬಹುದು. ಗೂಗಲ್ ತಾನೇ ಅಂಥ ಫಾರ್ಮಿನ ಕೆಳಗೆ ಪಾಸ್‌ವರ್ಡ್ ಕೊಡಬೇಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ಇನ್ನು ಮದುವೆಯ ಕರೆಯೋಲೆ ಎಂದು ಬಂದ ಫೈಲಿನ ಹೆಸರು `.apk` ಎಂದು ಮುಗಿದರೆ ಅದು ಓಲೆಯಲ್ಲ, ನಿಮ್ಮ ಫೋನಿನೊಳಗೆ ಕೂರಲು ಬಂದ ಆ್ಯಪ್. ಮದುವೆಯ ಮನೆಯವರಿಗೆ ಫೋನ್ ಮಾಡಿ ಕೇಳಿ, ಅವರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು.

ಇಷ್ಟು ನಮಗೆ ಬರುವ ಲಿಂಕಿನ ಮಾತು. ನಾವು ಕೊಡುವ ಲಿಂಕಿನ ಬಗ್ಗೆ ನನಗೆ ಹೆಚ್ಚು ಕಾಳಜಿ ಇದೆ, ಏಕೆಂದರೆ ಅಲ್ಲಿ ತಪ್ಪು ಮಾಡಿದ್ದು ನಾನೇ.

ಕಳೆದ ವರ್ಷ ಹಬ್ಬದ ಚಿತ್ರಗಳನ್ನು ಹಾಕಲೆಂದು ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿದೆ. ಎಲ್ಲರೂ ಚಿತ್ರ ಸೇರಿಸಲಿ ಎಂದು `Anyone with the link` ಇಟ್ಟು, ಪಕ್ಕದಲ್ಲಿ `Editor` ಆರಿಸಿ, ಗುಂಪಿಗೆ ಲಿಂಕ್ ಹಾಕಿದೆ. ಗುಂಪಿನಿಂದ ಅದು ತಿರುಪ್ಪೂರಿನ ನೆಂಟರಿಗೆ ಹೋಯಿತು, ಅಲ್ಲಿಂದ ಇನ್ನೆಲ್ಲಿಗೋ. ವಾರ ಕಳೆದ ಮೇಲೆ ನೋಡಿದರೆ ನಲವತ್ತಕ್ಕೂ ಹೆಚ್ಚು ಚಿತ್ರಗಳು ಇಲ್ಲ. ಯಾರೋ ಮಗುವಿನ ಕೈಗೆ ಫೋನ್ ಕೊಟ್ಟಿರಬಹುದು. ಅದಕ್ಕಿಂತ ದೊಡ್ಡ ಪ್ರಮಾದ ಇನ್ನೊಂದು. ಅದೇ ಫೋಲ್ಡರಿನಲ್ಲಿ ಚಂದಾ ಕೊಟ್ಟವರ ಪಟ್ಟಿಯನ್ನೂ ಇಟ್ಟಿದ್ದೆ, ಹೆಸರು, ಫೋನ್ ನಂಬರು, ಕೊಟ್ಟ ಮೊತ್ತ ಎಲ್ಲ ಸೇರಿಸಿ. ಫೋಲ್ಡರಿಗೆ ಕೊಟ್ಟ ಅನುಮತಿ ಒಳಗಿನ ಪ್ರತಿಯೊಂದು ಫೈಲಿಗೂ ಇಳಿಯುತ್ತದೆ ಎಂಬುದು ಪಾಠ ಹೇಳುವವಳಿಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ನಮ್ಮ ಹಿರಿಯರಿಬ್ಬರಿಗೆ ಹೆಸರು ಹಿಡಿದು, ಚಂದಾ ಮೊತ್ತ ಹೇಳಿ, ಅಪರಿಚಿತರು ಹಣ ಕೇಳಿ ಕರೆ ಮಾಡಿದ ಮೇಲೆ ಎಚ್ಚರಾಯಿತು. ಕೂಡಲೇ `Restricted` ಎಂದು ಬದಲಿಸಿದೆ. ಅದೇ ಲಿಂಕ್ ಹೊರಗಿನವರಿಗೆ ತೆರೆಯುವುದು ನಿಂತಿತು. ಆದರೆ ಅಷ್ಟರಲ್ಲಿ ಪಟ್ಟಿಯನ್ನು ಇಳಿಸಿಕೊಂಡವರ ಬಳಿ ಅದು ಈಗಲೂ ಇದೆ. ಬಾಗಿಲು ಮುಚ್ಚಬಹುದು, ಹೊರಗೆ ಹೋದ ಸಾಮಾನನ್ನು ತರಲಾಗುವುದಿಲ್ಲ. ಆ ಇಬ್ಬರು ಹಿರಿಯರ ಕ್ಷಮೆಯನ್ನು ಮನೆಗೆ ಹೋಗಿ ಕೇಳಿದೆ, ಇಲ್ಲಿಯೂ ಕೇಳುತ್ತೇನೆ.

ಈ ಪ್ರದರ್ಶನಕ್ಕೆ ಹಾಗೆ ಮಾಡಿಲ್ಲ. ಚಿತ್ರಗಳ ಫೋಲ್ಡರಿನಲ್ಲಿ ಚಿತ್ರಗಳು ಮಾತ್ರ ಇವೆ. ಲಿಂಕ್ ಇದ್ದವರು `Viewer`, ನೋಡಬಹುದು, ಅಳಿಸಲಾಗದು. ಸೇರಿಸುವ ಕೆಲಸ ನಮ್ಮ ಮೂವರು ಕಾರ್ಯಕರ್ತರಿಗೆ, ಅವರವರ ಮಿಂಚಂಚೆ ಹಾಕಿ `Editor` ಮಾಡಿದ್ದೇವೆ. ಯಾರಾದರೂ ತಮ್ಮ ಮನೆಯ ಚಿತ್ರ ಬೇಡವೆಂದರೆ ಅದನ್ನು ತೆಗೆಯುತ್ತೇವೆ. ಎಲ್ಲ ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿದೆವು, ಇದು ಮಕ್ಕಳಿಗೂ ಬರುತ್ತದೆ. ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು, ಅಲ್ಲಿ ನಮ್ಮ ಲಿಂಕನ್ನು ಹಾಕುವುದು. ಆ ಕಿಟಕಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ಅಪರಿಚಿತನಿಗೆ ಏನು ಕಾಣುತ್ತದೋ ಅದನ್ನೇ ತೋರಿಸುತ್ತದೆ.

ವಾಟ್ಸಾಪ್ ಗುಂಪಿನ ಆಹ್ವಾನದ ಲಿಂಕಿಗೂ ಇದೇ ಗುಣ, ಕೈಗೆ ಸಿಕ್ಕವರೆಲ್ಲ ಒಳಗೆ ಬರಬಹುದು. 2020ರ ಫೆಬ್ರವರಿಯಲ್ಲಿ ಅಂಥ ಎಷ್ಟೋ ಲಿಂಕ್‌ಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿವೆ ಎಂಬುದು ಬಯಲಿಗೆ ಬಂತು. ಪ್ರದರ್ಶನ ಮುಗಿದ ರಾತ್ರಿ ನಮ್ಮ ಗುಂಪಿನಲ್ಲಿ `Reset link` ಒತ್ತುತ್ತೇವೆ. ಹಳೆಯ ಲಿಂಕ್ ಸಾಯುತ್ತದೆ. ಈಗಾಗಲೇ ಒಳಗೆ ಬಂದವರು ಹಾಗೇ ಇರುತ್ತಾರೆ, ಆದ್ದರಿಂದ ಸದಸ್ಯರ ಪಟ್ಟಿಯನ್ನೂ ಅಂದೇ ಒಮ್ಮೆ ನೋಡುತ್ತೇವೆ.

ಇನ್ನು ಒಳಗೆ ಹೋಗೋಣ. ಒಂದು ಕೆಲಸ ಎಲ್ಲರಿಗೂ ಇದೆ. ಪ್ರತಿ ಚೌಕದ ಕೆಳಗೆ ಅದರ ವಿಳಾಸವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ. ಚೌಕದ ಮೇಲೆ ಬೇರೊಂದು ಚೀಟಿ ಅಂಟಿಸಿ ಮೋಸ ಮಾಡುವುದುಂಟು, ಅದಕ್ಕೆ ಈ ವ್ಯವಸ್ಥೆ. ಫೋನ್ ಹಿಡಿದಾಗ ಪರದೆಯಲ್ಲಿ ಮೊದಲು ವಿಳಾಸ ಮೂಡುತ್ತದೆ. ಒತ್ತುವ ಮೊದಲು ಓರೆಗೆರೆಯಿಂದ ಹಿಂದಕ್ಕೆ ಓದಿ, ಕಾಗದದ ಮೇಲಿರುವುದರ ಜೊತೆ ಹೋಲಿಸಿ. ಮಕ್ಕಳೇ, ಅಜ್ಜ ಅಜ್ಜಿಯರ ಪಕ್ಕ ಒಬ್ಬೊಬ್ಬರು ನಿಲ್ಲಿ, ಆದರೆ ನೀವು ಓದಿ ಹೇಳಬೇಡಿ, ಅವರೇ ಓದಲಿ. ದೊಡ್ಡಮ್ಮ, ಮೊದಲ ಚಿತ್ರ ನಿಮ್ಮ ಅಪ್ಪನ ಮಗ್ಗದ್ದು. ಬನ್ನಿ, ರಿಬ್ಬನ್ ನೀವೇ ಕತ್ತರಿಸಿ.