ಅಗ್ಗದ ಕಂತು, ದುಬಾರಿ ಕಾಯಿಲೆ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಆರೋಗ್ಯ ವಿಮೆಯನ್ನು ಕುರಿತು ಮಾಡಿದ ಭಾಷಣ)



ನಮ್ಮ ಪೇಟೆಯ ವರ್ತಕರೊಬ್ಬರು ಕಳೆದ ವಾರ ಎರಡು ಕಾಗದಗಳನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ಎರಡೂ ಆರೋಗ್ಯ ವಿಮೆಯ ಕಾಗದಗಳು. ಎರಡರಲ್ಲೂ ಐದು ಲಕ್ಷ ರೂಪಾಯಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಒಂದಕ್ಕೆ ವರ್ಷಕ್ಕೆ 14,000 ರೂ. ಕಂತು, ಇನ್ನೊಂದಕ್ಕೆ 19,500 ರೂ. "ಎರಡೂ ಐದು ಲಕ್ಷವೇ ಆದಮೇಲೆ ನಾನೇಕೆ ಐದೂವರೆ ಸಾವಿರ ಹೆಚ್ಚು ಕೊಡಲಿ?" ಎಂದು ಕೇಳಿದರು.

ನಾನು ಅವರನ್ನು ಕೇಳಿದೆ: "ನಿಮ್ಮ ಅಂಗಡಿಗೆ ಬಂದವನು ಬಟ್ಟೆಯ ಅಗಲ ನೋಡದೆ, ನೂಲು ಮುಟ್ಟದೆ, ಮೀಟರಿಗೆ ಎಷ್ಟು ಎಂದಷ್ಟೇ ಕೇಳಿ ಕೊಂಡುಹೋದರೆ ಅವನನ್ನು ಜಾಣನೆನ್ನುತ್ತೀರಾ?" ಅವರು ನಕ್ಕರು. ವಿಮೆಯಲ್ಲಿ ನಾವೆಲ್ಲ ಅಂಥ ಗಿರಾಕಿಗಳೇ ಆಗಿದ್ದೇವೆ. ಆ ಎರಡು ಕಾಗದಗಳನ್ನು ಇಟ್ಟುಕೊಂಡೇ ಇವತ್ತು ಮಾತನಾಡುತ್ತೇನೆ.

ಮೊದಲು ಕಾರ್ಮಿಕ ಬಂಧುಗಳಿಗೆ ಒಂದು ಮಾತು. ಇ.ಎಸ್.ಐ. ಯೋಜನೆಯಲ್ಲಿರುವವರು ಖಾಸಗಿ ಕಾಗದಕ್ಕೆ ಕೈಹಾಕುವ ಮುಂಚೆ ನಿಮ್ಮಲ್ಲಿ ಈಗಾಗಲೇ ಏನಿದೆ ಎಂದು ನೋಡಿಕೊಳ್ಳಿ. 2017ರ ಜನವರಿಯಿಂದ ಅದರ ವೇತನ ಮಿತಿ ತಿಂಗಳಿಗೆ 21,000 ರೂ. 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲು ಮೂರೂಕಾಲು ರೂಪಾಯಿ. ಇಪ್ಪತ್ತು ಸಾವಿರ ಸಂಬಳದವನು ವರ್ಷಕ್ಕೆ ಕೊಡುವುದು 1,800 ರೂ. ಅಷ್ಟಕ್ಕೆ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಇದೆ, ಹಳೆಯ ಕಾಯಿಲೆಗೆ ವರ್ಷಗಟ್ಟಲೆ ಕಾಯಿಸುವುದಿಲ್ಲ, ಬಿಲ್ಲಿನಲ್ಲಿ ನಮ್ಮ ಪಾಲನ್ನು ಕೇಳುವುದಿಲ್ಲ. ದೊಡ್ಡ ತಜ್ಞ ಚಿಕಿತ್ಸೆಗೆ ಬೇರೆ ಷರತ್ತುಗಳಿವೆ, ಸರದಿಯೂ ಉದ್ದ, ಅದನ್ನು ಒಪ್ಪುತ್ತೇನೆ. ಆದರೆ ಸಂಬಳ ಮಿತಿಯನ್ನು ದಾಟಿದವನೂ, ಕೆಲಸ ಕಳೆದುಕೊಂಡವನೂ, ಅಂಗಡಿ ಇಟ್ಟುಕೊಂಡವನೂ ಈ ನೆರಳಿನಿಂದ ಹೊರಗೆ ಬೀಳುತ್ತಾರೆ. ಏಜೆಂಟನು ಬರುವುದು ಆಗಲೇ. ಮುಂದಿನ ಮಾತು ಅಂಥವರಿಗೆ.

ಆ ವರ್ತಕರ ಕಾಗದಗಳನ್ನು ಮೊದಲನೆಯದು, ಎರಡನೆಯದು ಎಂದು ಕರೆಯೋಣ. ಮೊದಲನೆಯದು ಅಗ್ಗದ್ದು. ಅದರ ಒಳಪುಟದಲ್ಲಿ ಮೂರು ಸಾಲುಗಳಿದ್ದವು. ಆಸ್ಪತ್ರೆಯ ಕೋಣೆ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ನೂರಕ್ಕೆ ಒಂದು, ಅಂದರೆ 5,000 ರೂ. ಮೀರಬಾರದು. ಪ್ರತಿ ಬಿಲ್ಲಿನಲ್ಲೂ ನೂರಕ್ಕೆ ಇಪ್ಪತ್ತು ಕೋ-ಪೇಮೆಂಟ್, ಅಂದರೆ ರೋಗಿ ತನ್ನ ಕೈಯಿಂದ ಕೊಡಬೇಕಾದ ಪಾಲು. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷ ಕಾಯಬೇಕು. ಎರಡನೆಯ ಕಾಗದದಲ್ಲಿ ಕೋಣೆಗೆ ಮಿತಿಯಿಲ್ಲ, ಕೋ-ಪೇಮೆಂಟ್ ಇಲ್ಲ, ಕಾಯುವ ಅವಧಿ ಎರಡು ವರ್ಷ.

ಕೋಣೆಯ ಮಿತಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಜನರು ಮೋಸಹೋಗುವುದು ಹೆಚ್ಚಾಗಿ ಇಲ್ಲಿ. ದಿನಕ್ಕೆ 8,000 ರೂ. ಕೋಣೆಗೆ ಸೇರಿದರೆ ಮೂರು ಸಾವಿರವನ್ನು ನಾವು ಕೊಟ್ಟುಕೊಂಡರಾಯಿತು ಎಂದು ತಿಳಿಯುತ್ತೇವೆ. ಹಾಗಲ್ಲ. ನಮ್ಮ ಮಿತಿ ಎಂಟರಲ್ಲಿ ಐದು ಪಾಲು ಆದ್ದರಿಂದ ವೈದ್ಯರ ಫೀಜು, ದಾದಿಯರ ಖರ್ಚು, ಶಸ್ತ್ರಚಿಕಿತ್ಸೆಯ ಕೋಣೆಯ ಖರ್ಚು ಇವುಗಳಲ್ಲೂ ಎಂಟರಲ್ಲಿ ಐದು ಪಾಲನ್ನೇ ಕಂಪನಿ ಒಪ್ಪುತ್ತದೆ. ಔಷಧಿ, ದೇಹದೊಳಗೆ ಇಡುವ ಸಾಧನ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮುಂತಾದವಕ್ಕೆ ಈ ಕಡಿತ ಮಾಡುವಂತಿಲ್ಲ. ತುರ್ತು ನಿಗಾ ಘಟಕದ ಬಾಡಿಗೆಗೂ ಇಲ್ಲ. ಕೋಣೆಯ ದರ್ಜೆಗೆ ತಕ್ಕಂತೆ ಉಳಿದ ದರಗಳನ್ನು ಏರಿಸದ ಆಸ್ಪತ್ರೆಯಲ್ಲೂ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ಆರು ದಿನದ ಚಿಕಿತ್ಸೆ, ಒಟ್ಟು ಬಿಲ್ಲು 2,40,000 ರೂ. ಎಂದು ಇಟ್ಟುಕೊಳ್ಳಿ. ಇದರಲ್ಲಿ ಕೋಣೆಗೆ ದಿನಕ್ಕೆ 8,000ದಂತೆ 48,000. ವೈದ್ಯರು, ದಾದಿ, ಶಸ್ತ್ರಚಿಕಿತ್ಸೆಗೆ 1,12,000. ಔಷಧಿ ಮತ್ತು ಪರೀಕ್ಷೆಗೆ 80,000. ಮೊದಲನೆಯ ಕಾಗದದವರು ಕೋಣೆಗೆ ಒಪ್ಪುವುದು 30,000. ವೈದ್ಯರ ಖರ್ಚಿನಲ್ಲಿ ಎಂಟರಲ್ಲಿ ಐದು ಪಾಲೆಂದರೆ 70,000. ಔಷಧಿಯ 80,000 ಪೂರ್ತಿ. ಕೂಡಿದರೆ 1,80,000. ಇದರ ಮೇಲೆ ನೂರಕ್ಕೆ ಇಪ್ಪತ್ತು ನಮ್ಮ ಪಾಲು, 36,000. ಕಂಪನಿ ಕೊಡುವುದು 1,44,000 ರೂ. ವರ್ತಕರ ಕೈಯಿಂದ ಹೋಗುವುದು 96,000 ರೂ. ಕೈಗವಸು ಮುಂತಾಗಿ ಕಂಪನಿಗಳು ಕೊಡದ ಚಿಲ್ಲರೆ ಬಾಬುಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಎರಡನೆಯ ಕಾಗದವಿದ್ದರೆ ಅದೇ ಬಿಲ್ಲು ಪೂರ್ತಿ ಸಂದಾಯವಾಗುತ್ತಿತ್ತು.

ಈಗ ನ್ಯಾಯವಾದ ಹೋಲಿಕೆ ಮಾಡಬಹುದು. ಎರಡು ಕಂತುಗಳ ಅಂತರ ವರ್ಷಕ್ಕೆ 5,500 ರೂ. 96,000ವನ್ನು ಅದರಿಂದ ಭಾಗಿಸಿದರೆ ಹದಿನೇಳೂವರೆ ವರ್ಷ. ಅಂದರೆ ಇಂಥ ಒಂದು ಬಿಲ್ಲು ಹದಿನೇಳು ವರ್ಷದಲ್ಲಿ ಒಮ್ಮೆ ಬಂದರೂ ಅಗ್ಗದ ಕಂತಿನ ಉಳಿತಾಯವೆಲ್ಲ ಅದರಲ್ಲೇ ಕೊಚ್ಚಿಹೋಗುತ್ತದೆ. ನಮ್ಮ ವರ್ತಕರಿಗೆ ಐವತ್ತೆರಡು ವರ್ಷ, ಸಕ್ಕರೆ ಕಾಯಿಲೆ ಬೇರೆ. ಹದಿನೇಳು ವರ್ಷ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವರು ಪಣ ಕಟ್ಟಬಲ್ಲರೆ?

ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಮಿತಿ ಗೊತ್ತಿದ್ದು 5,000 ರೂಪಾಯಿಯ ಕೋಣೆಗೇ ಸೇರಿದ್ದರೆ, ಆ ದರ್ಜೆಗೆ ತಕ್ಕಂತೆ ವೈದ್ಯರ ಖರ್ಚೂ ಇಳಿದಿದ್ದರೆ, ಬಿಲ್ಲೇ 1,80,000 ಆಗುತ್ತಿತ್ತು. ಕೈಯಿಂದ ಹೋಗುತ್ತಿದ್ದುದು 36,000 ಮಾತ್ರ. ಆಗ ಎರಡೂ ಸಮವಾಗುವುದು ಆರೂವರೆ ವರ್ಷಕ್ಕೆ ಒಂದು ಬಿಲ್ಲಾದರೆ. ಮೂವತ್ತು ವರ್ಷದ, ಗಟ್ಟಿಮುಟ್ಟಾದ ಹುಡುಗನಿಗೆ ಅಗ್ಗದ ಕಾಗದವೇ ಸರಿಹೋದೀತು. ಆದ್ದರಿಂದ ದುಬಾರಿಯದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅಂತರವನ್ನು ವರ್ಷಗಳಾಗಿ ಪರಿವರ್ತಿಸಿ, ನಿಮ್ಮ ವಯಸ್ಸಿನ ಮುಂದೆ ಇಟ್ಟು ನೋಡಿ ಎನ್ನುತ್ತೇನೆ.

ಕೋ-ಪೇಮೆಂಟಿನ ವಿಷಯದಲ್ಲಿ ನಮ್ಮಂಥ ಊರಿನವರು ಇನ್ನೊಂದನ್ನು ನೋಡಬೇಕು. ಕೆಲವು ಪಾಲಿಸಿಗಳಲ್ಲಿ ಊರುಗಳನ್ನು ವಲಯಗಳಾಗಿ ಹಂಚಿರುತ್ತಾರೆ. ಸಣ್ಣ ಊರಿನವರಿಗೆ ಕಂತು ಕಡಿಮೆ. ಆದರೆ ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನಲ್ಲಿ ಒಂದು ಪಾಲು ನಮ್ಮದೇ. ಹೃದಯದ, ಮೂತ್ರಪಿಂಡದ ಕಾಯಿಲೆ ಬಂದಾಗ ನಾವು ಬಸ್ಸು ಹತ್ತುವುದು ಎಲ್ಲಿಗೆ? ಇನ್ನು ಕೆಲವು ಪಾಲಿಸಿಗಳಲ್ಲಿ ಅರವತ್ತು ದಾಟಿ ಸೇರಿದವರಿಗೆ ಮಾತ್ರ ಈ ಪಾಲು ಅಂಟಿಕೊಳ್ಳುತ್ತದೆ. "ಕೋ-ಪೇಮೆಂಟ್ ಇದೆಯೆ?" ಎಂದಷ್ಟೇ ಕೇಳಿದರೆ ಸಾಲದು. ಯಾವ ಊರಿನಲ್ಲಿ, ಯಾವ ವಯಸ್ಸಿಗೆ, ಎಷ್ಟು ಎಂದು ಕೇಳಬೇಕು.

ಇನ್ನು ಕಾಯುವ ಅವಧಿ. ಇದರಲ್ಲಿ ಮೂರು ಬಗೆ. ಪಾಲಿಸಿ ಕೊಂಡ ಮೊದಲ ಮೂವತ್ತು ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಾಮಾನ್ಯವಾಗಿ ಹಣವಿಲ್ಲ. ಅಂಡವಾಯು, ಕಣ್ಣಿನ ಪೊರೆ, ಮಂಡಿ ಬದಲಾವಣೆ ಮುಂತಾಗಿ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಒಂದು ಅವಧಿ. ಮೊದಲೇ ಇದ್ದ ಸಕ್ಕರೆ, ರಕ್ತದೊತ್ತಡದಂಥವಕ್ಕೆ ಇನ್ನೊಂದು. ಈ ಕೊನೆಯ ಎರಡೂ ಮೂರು ವರ್ಷ ಮೀರುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗೊತ್ತುಮಾಡಿತು. ಹಳೆಯ ಕಾಯಿಲೆಗೆ ಮುಂಚೆ ನಾಲ್ಕು ವರ್ಷದವರೆಗೂ ಕಾಯಿಸಬಹುದಿತ್ತು.

ನಮ್ಮ ವರ್ತಕರಿಗೆ ಇಪ್ಪತ್ತಾರನೆಯ ತಿಂಗಳಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಆಸ್ಪತ್ರೆ ಸೇರಬೇಕಾಯಿತೆನ್ನಿ. ಎರಡನೆಯ ಕಾಗದ ಹಣ ಕೊಡುತ್ತದೆ, ಮೊದಲನೆಯದು ಒಂದು ಕಾಸನ್ನೂ ಕೊಡುವುದಿಲ್ಲ. ಆ ಕಾಯಿಲೆಯ ಮಟ್ಟಿಗೆ ಮೂರು ವರ್ಷದ 42,000 ರೂ. ಕಂತಿನಿಂದ ಅವರಿಗೆ ಬಂದದ್ದು ಏನೂ ಇಲ್ಲ. ಯಾವ ಹಳೆಯ ಕಾಯಿಲೆಯೂ ಇಲ್ಲದವನಿಗೆ ಈ ಒಂದು ವರ್ಷದ ವ್ಯತ್ಯಾಸ ದೊಡ್ಡದಲ್ಲ.

ಇಲ್ಲಿ ಎರಡು ತಪ್ಪುಗಳಾಗುತ್ತವೆ. "ಸಕ್ಕರೆ ಇದೆಯೆಂದು ಬರೆಯಬೇಡಿ, ಕಂತು ಏರುತ್ತದೆ" ಎಂದು ಏಜೆಂಟನು ಹೇಳುತ್ತಾನೆ, ಕೇಳಬೇಡಿ. ಆಸ್ಪತ್ರೆಯ ಕಾಗದದಲ್ಲಿ "ಹತ್ತು ವರ್ಷದಿಂದ ಸಕ್ಕರೆ" ಎಂದು ವೈದ್ಯರು ಬರೆದ ದಿನ ಮುಚ್ಚಿಟ್ಟದ್ದು ಬಯಲಾಗುತ್ತದೆ, ಬಿಲ್ಲೂ ಹೋಯಿತು, ಪಾಲಿಸಿಯೂ ಹೋಯಿತು. ಅರವತ್ತು ತಿಂಗಳು ಬಿಡದೆ ಪಾಲಿಸಿ ನಡೆಸಿದ ಮೇಲೆ ಹೇಳಲಿಲ್ಲವೆಂಬ ಕಾರಣಕ್ಕೆ ಕಂಪನಿ ತಗಾದೆ ತೆಗೆಯುವಂತಿಲ್ಲ, ನಿಜ. ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆಯೂ ಇಲ್ಲ.

ಎರಡನೆಯ ತಪ್ಪು, ಸಾವಿರ ರೂಪಾಯಿ ಅಗ್ಗವೆಂದು ಹಳೆಯ ಪಾಲಿಸಿಯನ್ನು ಬಿಟ್ಟು ಬೇರೆ ಕಂಪನಿಯಲ್ಲಿ ಹೊಸದಾಗಿ ಸೇರುವುದು. ಹಾಗೆ ಮಾಡಿದರೆ ಕಾದ ವರ್ಷಗಳೆಲ್ಲ ಸೊನ್ನೆಯಾಗಿ ಮತ್ತೆ ಮೊದಲಿನಿಂದ ಎಣಿಕೆ. ಬದಲಾಯಿಸಲೇಬೇಕಾದರೆ ಪೋರ್ಟಬಿಲಿಟಿ ಎಂಬ ದಾರಿಯಿದೆ. ಕಂತು ಕಟ್ಟುವ ದಿನಕ್ಕೆ ನಲವತ್ತೈದು ದಿನ ಮುಂಚೆಯೇ ಹೊಸ ಕಂಪನಿಗೆ ಅರ್ಜಿ ಕೊಡಿ. ಅದು ಒಪ್ಪಿದರೆ ಹಳೆಯ ಮೊತ್ತದ ಮಟ್ಟಿಗೆ ಕಾದ ಕಾಲವು ಜಮೆಯಾಗುತ್ತದೆ. ಮೊತ್ತವನ್ನು ಹೆಚ್ಚಿಸಿದರೆ ಹೆಚ್ಚಿನ ಭಾಗಕ್ಕೆ ಹೊಸದಾಗಿ ಕಾಯಬೇಕು.

ಹಾಗಾದರೆ ಕಂತನ್ನು ಮಾತ್ರ ನೋಡಿ ಹೋಲಿಸಬಹುದಾದ ಸಂದರ್ಭವೇ ಇಲ್ಲವೆ? ಒಂದಿದೆ. 2020ರ ಏಪ್ರಿಲಿನಿಂದ ಆರೋಗ್ಯ ಸಂಜೀವನಿ ಎಂಬ ಪಾಲಿಸಿಯನ್ನು ಬೇರೆಬೇರೆ ಕಂಪನಿಗಳು ಒಂದೇ ಷರತ್ತಿನಲ್ಲಿ ಮಾರುತ್ತಿವೆ. ಕೋಣೆಗೆ ಮೊತ್ತದ ನೂರಕ್ಕೆ ಎರಡು, ಹೆಚ್ಚೆಂದರೆ ದಿನಕ್ಕೆ 5,000 ರೂ., ಕೋ-ಪೇಮೆಂಟ್ ನೂರಕ್ಕೆ ಐದು. ಷರತ್ತು ಒಂದೇ ಇರುವುದರಿಂದ ಅಲ್ಲಿ ಕಂತನ್ನೇ ಮುಖ್ಯವಾಗಿ ನೋಡಬಹುದು. ಬೇರೆ ಕಾಗದ ಬಂದಾಗಲೂ ಇದನ್ನೇ ಅಳತೆಗೋಲಾಗಿ ಪಕ್ಕಕ್ಕಿಟ್ಟು, ಇದಕ್ಕಿಂತ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ನೋಡಿ. ಇನ್ನೊಂದು ಎಚ್ಚರ: 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ಕೊಳ್ಳುವ ಆರೋಗ್ಯ ವಿಮೆಯ ಮೇಲಿನ ನೂರಕ್ಕೆ ಹದಿನೆಂಟರ ತೆರಿಗೆ ಹೋಗಿದೆ. ತೆರಿಗೆ ಸೇರಿದ ಹಳೆಯ ದರವನ್ನು ಹೊಸ ದರದ ಜೊತೆ ತೂಗಬೇಡಿ.

ಇಷ್ಟೆಲ್ಲ ಎಲ್ಲಿ ಬರೆದಿರುತ್ತದೆ ಎಂದು ಕೇಳುತ್ತೀರಿ. ಪಾಲಿಸಿಯ ಜೊತೆಗೆ ಗ್ರಾಹಕ ಮಾಹಿತಿ ಪತ್ರವೆಂಬ ಸಣ್ಣ ಹಾಳೆಯನ್ನು ಕಂಪನಿ ಕೊಡಲೇಬೇಕು. ಮಿತಿ, ಕಾಯುವ ಅವಧಿ, ಕೋ-ಪೇಮೆಂಟ್ ಮೂರೂ ಅದರಲ್ಲಿರುತ್ತವೆ. ಅದನ್ನು ಸ್ಥಳೀಯ ಭಾಷೆಯಲ್ಲಿ ಕೇಳಿ ಪಡೆಯಬಹುದು, ಕನ್ನಡದಲ್ಲೇ ಕೇಳಿ. ಕೊಂಡ ಮೇಲೆ ಓದಿ ಸರಿಬಾರದಿದ್ದರೆ, ಕಾಗದ ಕೈಸೇರಿದ ಮೂವತ್ತು ದಿನದೊಳಗೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಕಳೆದ ದಿನಗಳ ಪಾಲನ್ನೂ ವೈದ್ಯಕೀಯ ತಪಾಸಣೆಯ ಖರ್ಚನ್ನೂ ಹಿಡಿದು ಉಳಿದ ಹಣ ವಾಪಸು ಬರುತ್ತದೆ.

ನಮ್ಮ ವರ್ತಕರು ಎರಡನೆಯ ಕಾಗದಕ್ಕೇ ಸಹಿ ಹಾಕಿದರು. ಅವರ ಇಪ್ಪತ್ತೆಂಟು ವರ್ಷದ ಮಗ ತನಗೆ ಅಗ್ಗದ್ದೇ ಸಾಕೆಂದ, ಕೋಣೆಯ ಮಿತಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡ. ಇಬ್ಬರೂ ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಕಾಯಿಲೆ ಬಿದ್ದವನು ಕರಾರಿನ ಸಣ್ಣ ಅಕ್ಷರಗಳ ಜೊತೆ ಹೋರಾಡಬೇಕಾದ ಈ ಸ್ಥಿತಿಯೇ ನ್ಯಾಯವಲ್ಲ ಎಂಬುದು ನಮ್ಮ ಪಕ್ಷದ ನಿಲುವು. ಇ.ಎಸ್.ಐ. ಮಿತಿ ಏರಬೇಕು, ಅಂಗಡಿಯವನಿಗೂ ಅಂಥ ಆಸರೆ ಸಿಗಬೇಕು ಎಂಬ ಒತ್ತಾಯವನ್ನು ನಾವು ಬಿಡುವುದಿಲ್ಲ. ಅದು ಕೈಗೂಡುವವರೆಗೆ ಯಾರಾದರೂ ಇಂಥ ಕಾಗದ ತಂದರೆ ಸಹಿ ಹಾಕುವ ಮುಂಚೆ ಸಂಘದ ಕಚೇರಿಗೆ ತನ್ನಿ. ಸಂಜೆ ಆರರ ಮೇಲೆ ನಾನು ಅಲ್ಲಿರುತ್ತೇನೆ, ಕೂತು ಲೆಕ್ಕ ಹಾಕೋಣ.