ಕೆಲಸದ ಜಾಹೀರಾತು: ಯಾರನ್ನು ಕರೆಯುತ್ತದೆ, ಯಾರನ್ನು ಬಾಗಿಲಲ್ಲೇ ತಡೆಯುತ್ತದೆ?
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ತಂಡ ನೋಡಿಕೊಳ್ಳುವವಳು ನಾನು. ಕಳೆದ ಸಲ ಒಬ್ಬರು ಟೆಸ್ಟ್ ಎಂಜಿನಿಯರ್ ಬೇಕಾದಾಗ ಎಚ್‌ಆರ್‌ನಿಂದ ಬಂದ ಕರಡು ಹೀಗಿತ್ತು: "ಸತತ 5 ವರ್ಷಗಳ ಅನುಭವ, ನಡುವೆ ಗ್ಯಾಪ್ ಇರಬಾರದು. ಚುರುಕಾದ ಯುವಕರಿಗೆ ಆದ್ಯತೆ. ಯಾವ ಹೊತ್ತಿನಲ್ಲೂ ಕೆಲಸಕ್ಕೆ ಸಿದ್ಧರಿರಬೇಕು." ಕೆಳಗೆ 12 ಟೂಲ್‌ಗಳ ಪಟ್ಟಿ.

ನಾನು ಮೊದಲು ಕೇಳಿದ್ದು, ಈ ವ್ಯಕ್ತಿ ಮೊದಲ ಆರು ತಿಂಗಳು ಏನು ಮಾಡಬೇಕು ಅಂತ. ಬಿಲ್ಲಿಂಗ್ ಆ್ಯಪ್‌ಗೆ ಟೆಸ್ಟ್ ಕೇಸ್ ಬರೆಯಬೇಕು, ಎಪಿಐ ಪರೀಕ್ಷಿಸಬೇಕು, ಸಿಕ್ಕ ದೋಷವನ್ನು ಡೆವಲಪರ್‌ಗೆ ಅರ್ಥವಾಗುವಂತೆ ಬರೆದುಕೊಡಬೇಕು. ಹಾಗಾದರೆ 12 ಟೂಲ್ ಯಾಕೆ? ನಿಜಕ್ಕೂ ಬೇಕಾದದ್ದು ಎರಡು. ಉಳಿದವನ್ನು "ಇಲ್ಲಿಗೆ ಬಂದ ಮೇಲೆ ಕಲಿಯಬಹುದು" ಎಂಬ ಸಾಲಿಗೆ ಸೇರಿಸಿದೆವು.

'ಗ್ಯಾಪ್ ಇರಬಾರದು' ಎಂಬ ಸಾಲಿನಲ್ಲಿ ಹೆಣ್ಣು ಎಂಬ ಪದವೇ ಇಲ್ಲ. ಆದರೆ ಬಾಣಂತನಕ್ಕೋ, ಅತ್ತೆಯ ಕಾಯಿಲೆಗೋ ಎರಡು ವರ್ಷ ಮನೆಯಲ್ಲಿದ್ದವರು ಅಲ್ಲೇ ಓದುವುದನ್ನು ನಿಲ್ಲಿಸುತ್ತಾರೆ. ನಮಗೆ ಬೇಕಿದ್ದದ್ದು ಕೆಲಸ ಬಲ್ಲವರು. ಹಾಗಾಗಿ "ಒಟ್ಟು 3 ವರ್ಷ ಟೆಸ್ಟಿಂಗ್ ಮಾಡಿರಬೇಕು, ನಡುವೆ ಬಿಡುವು ಇದ್ದರೂ ಸರಿ" ಎಂದು ಬರೆದೆವು. 5 ಯಾಕೆ 3 ಆಯಿತು? ತಂಡದಲ್ಲಿ ಇದೇ ಕೆಲಸ ಚೆನ್ನಾಗಿ ಮಾಡುತ್ತಿರುವವರ ಅನುಭವವೇ ಅಷ್ಟು!

'ಯುವಕರಿಗೆ ಆದ್ಯತೆ' ಎಂಬುದು ಸಂಕೋಚದ ಮಾತಷ್ಟೇ ಅಲ್ಲ. ನೇಮಕಾತಿಯಲ್ಲಿ ಹೆಂಗಸರ ವಿರುದ್ಧ ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, ಹೆಣ್ಣು ಗಂಡೆಂಬ ಭೇದವನ್ನೇ ಮಾಡಬಾರದೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಇದು ಎರಡೂ ಕಡೆಗೆ ಅನ್ವಯಿಸುವ ಮಾತು. ನಮ್ಮ ಕನ್ನಡ ತರಗತಿಗೆ 'ಶಿಕ್ಷಕಿ ಬೇಕು' ಎಂದು ಬರೆದರೆ ಚೆನ್ನಾಗಿ ಪಾಠ ಮಾಡಬಲ್ಲ ಮೇಷ್ಟ್ರು ಹಿಂದೆ ಸರಿಯುತ್ತಾರೆ. ಕನ್ನಡದಲ್ಲಿ 'ಶಿಕ್ಷಕರು' ಎಂದರೆ ಇಬ್ಬರೂ ಬಂದರಲ್ಲ.

'ಯಾವ ಹೊತ್ತಿನಲ್ಲೂ' ಎಂಬುದನ್ನು ಬರೀ ತೆಗೆದುಹಾಕಿದರೆ ಅದು ಮೋಸ. ರಿಲೀಸ್ ದಿನ ತಡವಾಗುವುದು ನಿಜ. ಅದಕ್ಕೆ, "ಮೂರು ವಾರಕ್ಕೊಮ್ಮೆ ರಾತ್ರಿ 10ರವರೆಗೆ ಕೆಲಸ, ಆ ದಿನ ಮನೆಯಿಂದ ಮಾಡಬಹುದು" ಎಂದು ಹಾಕಿದೆವು. ಲೆಕ್ಕ ಗೊತ್ತಾದರೆ ಮನೆಯಲ್ಲಿ ಹೊಂದಿಸಿಕೊಳ್ಳಬಹುದೋ ಇಲ್ಲವೋ ಅವರೇ ತೀರ್ಮಾನಿಸುತ್ತಾರೆ. ಸಂಬಳದ ವ್ಯಾಪ್ತಿಯನ್ನೂ ಬರೆಯಿರಿ ಎಂದು ನಾನು ಪಟ್ಟು ಹಿಡಿದೆ. ಅದಿಲ್ಲದಿದ್ದರೆ ಹಳೆಯ ಸಂಬಳ ಕಡಿಮೆಯಿದ್ದವರು ಹೊಸ ಕಡೆಯೂ ಕಡಿಮೆಯನ್ನೇ ಕೇಳುತ್ತಾರೆ.

ಒಂದು ಎಚ್ಚರಿಕೆ. ಷರತ್ತುಗಳನ್ನೆಲ್ಲ ಸಡಿಲಿಸಿ "ಆಸಕ್ತರು ಬರೆಯಿರಿ" ಎಂದರೆ ನೂರಾರು ಸಂಬಂಧವಿಲ್ಲದ ಅರ್ಜಿಗಳು ಬಂದು ಬೀಳುತ್ತವೆ. ಬೇಕಾದ ಎರಡು ಷರತ್ತುಗಳನ್ನು ಮಾತ್ರ ಬಿಗಿಯಾಗಿಯೇ ಇಡಬೇಕು. ಇನ್ನು, ಅರ್ಜಿ ಹಾಕುವ ಹೆಂಗಸರು ಹೆಚ್ಚಾಗಿಯೂ ಸಂದರ್ಶನದ ನಂತರ ಒಬ್ಬರೂ ಉಳಿಯದಿದ್ದರೆ ತೊಂದರೆ ಜಾಹೀರಾತಿನಲ್ಲಿಲ್ಲ. ಆಗ ಒಳಗೆ ಕೂತವರು "ಮದುವೆ ಯಾವಾಗ?" ಎಂದು ಕೇಳುತ್ತಿದ್ದಾರಾ, ಅದನ್ನು ವಿಚಾರಿಸಬೇಕು.