ಒಂದೇ ಮನೆಯ ಎರಡು ಸಕ್ಕರೆ ಕಾಯಿಲೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)



ನಾನು ರಾಯಬಾಗ ತಾಲ್ಲೂಕಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಏಳನೆಯ ತರಗತಿಯ ಒಬ್ಬ ಹುಡುಗಿ ತಾಸಿಗೊಮ್ಮೆ ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಕೇಳುತ್ತಿದ್ದಳು. ಪಾಠ ತಪ್ಪಿಸುವ ನೆಪವೆಂದು ನಾನು ಗದರಿಸಿದೆ. ಎರಡು-ಮೂರು ವಾರದಲ್ಲಿ ಸಮವಸ್ತ್ರ ಆಕೆಯ ಮೈಮೇಲೆ ಜೋತಾಡತೊಡಗಿತು. ರಾತ್ರಿ ಹಾಸಿಗೆ ಒದ್ದೆಯಾಗುವುದನ್ನು ತಾಯಿ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಆಮೇಲೆ ವಾಂತಿ, ಹೊಟ್ಟೆನೋವು ಶುರುವಾದವು. ಹೊಟ್ಟೆ ಕೆಟ್ಟಿದೆಯೆಂದು ಎರಡು ದಿನ ಔಷಧಿ ನಡೆಯಿತು. ಮೂರನೆಯ ದಿನ ಮಗು ಮಂಪರಿನಲ್ಲಿತ್ತು. ಓಡಿಬಂದವರಂತೆ ಆಳವಾದ ಉಸಿರು, ಬಾಯಲ್ಲಿ ಕಳಿತ ಹಣ್ಣಿನ ವಾಸನೆ. ಮಿರಜಿನ ದವಾಖಾನೆಯಲ್ಲಿ ನೋಡಿದಾಗ ರಕ್ತದಲ್ಲಿ ಸಕ್ಕರೆ 480, ಮೂತ್ರದಲ್ಲಿ ಕೀಟೋನ್. ಸಲೈನ್ ಮತ್ತು ಇನ್ಸುಲಿನ್ ಕೊಟ್ಟು ಉಳಿಸಿದರು.

ಮಾತನಾಡಿಸಲು ಹೋದಾಗ ತಂದೆ ಕೇಳಿದರು: "ಸರ್, ನಮ್ಮ ಅಬ್ಬಾ ಹದಿನೈದು ವರ್ಷದಿಂದ ಶುಗರಿಗೆ ಗುಳಿಗಿ ತಗೋತಾರ. ಮಗಳಿಗೂ ಅದನ್ನ ಕೊಟ್ರ ಆಗೂದಿಲ್ಲೇನು? ದಿನಾ ಸೂಜಿ ಯಾಕ?"

ನಮ್ಮ ಕಡೆ ಕಬ್ಬಿನ ಸೀಜನ್ನಿನಲ್ಲಿ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು ನೀವೆಲ್ಲ ನೋಡಿದ್ದೀರಿ. ರಕ್ತವೆಂಬುದು ಆ ರಸ್ತೆ, ಸಕ್ಕರೆಯೇ ಕಬ್ಬಿನ ಗಾಡಿ, ದೇಹದ ಜೀವಕೋಶ ಕಾರ್ಖಾನೆ. ಗೇಟು ತೆಗೆದು ಒಳಗೆ ಬಿಡುವ ಕಾವಲುಗಾರ ಇನ್ಸುಲಿನ್. ಟೈಪ್ 1ರಲ್ಲಿ ದೇಹದ ರಕ್ಷಣಾ ಪಡೆಯೇ ತಪ್ಪು ತಿಳಿದು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಕಾವಲುಗಾರನೇ ಇಲ್ಲ. ಒಳಗೆ ಸಕ್ಕರೆ ಸಿಗದೆ ದೇಹ ಕೊಬ್ಬನ್ನು ಸುಡುತ್ತದೆ, ಅದರಿಂದ ಹುಟ್ಟುವ ಆಮ್ಲವೇ ಕೀಟೋನ್. ಬೆಲ್ಲ ತಿನ್ನಿಸಿದ್ದರಿಂದ ಬಂತೆಂದು ಆ ತಾಯಿ ಅಳುತ್ತಿದ್ದರು. ಬೆಲ್ಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಜ್ಜನದು ಟೈಪ್ 2. ಅವರಲ್ಲಿ ಕಾವಲುಗಾರನಿದ್ದಾನೆ, ಗೇಟು ತುಕ್ಕು ಹಿಡಿದಿದೆ. ಹೊಟ್ಟೆಯ ಬೊಜ್ಜು, ಕುಳಿತೇ ಮಾಡುವ ಕೆಲಸ, ವಂಶ, ಇವೆಲ್ಲ ಸೇರಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಕಾಯಿಲೆ ಇದು. ಅವರಿಗೆ ಗೊತ್ತಾದದ್ದೂ ಕಣ್ಣಿನ ತಪಾಸಣೆಗೆ ಹೋದಾಗ. ಮೆಟ್‌ಫಾರ್ಮಿನ್ ಗುಳಿಗೆ, ನಡಿಗೆ, ತೂಕ ಇಳಿಸುವುದು ಗೇಟನ್ನು ಸಡಿಲಿಸುತ್ತವೆ. ಕಾವಲುಗಾರನೇ ಇಲ್ಲದ ಮೊಮ್ಮಗಳಿಗೆ ಆ ಗುಳಿಗೆಯೊಂದೇ ಏನು ಮಾಡೀತು? 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ.

ಮುಂದಿನದು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮನೆಗೆ ಬಂದಾಗ ಹುಡುಗಿಗೆ ದಿನಕ್ಕೆ 24 ಯುನಿಟ್ ಇನ್ಸುಲಿನ್ ಬೇಕಿತ್ತು. ಎರಡು ತಿಂಗಳಲ್ಲಿ 10 ಯುನಿಟ್ಟಿಗೇ ಸಕ್ಕರೆ ಹತೋಟಿಗೆ ಬಂತು. ಅದೇ ಹೊತ್ತಿಗೆ ಯಾರೋ ಕೊಟ್ಟ ಬೇರಿನ ಪುಡಿ ನಡೆದಿತ್ತು. ಪುಡಿಯಿಂದಲೇ ಗುಣವಾಯಿತೆಂದು ಮನೆಯವರು ಸೂಜಿ ನಿಲ್ಲಿಸಿದರು. ವಾಸ್ತವದಲ್ಲಿ ಚಿಕಿತ್ಸೆ ಶುರುವಾದ ಮೇಲೆ ಅಳಿದುಳಿದ ಕೋಶಗಳು ಚೇತರಿಸಿಕೊಂಡು ಕೆಲವು ತಿಂಗಳು ಕೆಲಸ ಮಾಡುತ್ತವೆ. ವೈದ್ಯರು ಇದಕ್ಕೆ ಹನಿಮೂನ್ ಅವಧಿ ಎನ್ನುತ್ತಾರೆ. ಅದು ಮುಗಿಯದೆ ಇರುವುದಿಲ್ಲ. ಸೂಜಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮತ್ತೆ ವಾಂತಿ, ಮತ್ತೆ ಮಿರಜ್. ಈ ಅವಧಿಯಲ್ಲಿ ವೈದ್ಯರು ಹೇಳಿದಷ್ಟು ಪ್ರಮಾಣ ಇಳಿಸಬಹುದು, ಬಿಡುವಂತಿಲ್ಲ. ಜ್ವರ ಬಂದು ಮಗು ಊಟ ಬಿಟ್ಟ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಪ್ರಮಾಣ ಎಷ್ಟೆಂದು ವೈದ್ಯರಿಗೆ ಫೋನ್ ಮಾಡಿ ಕೇಳಿ.

ಹೋದ ವರ್ಷ ಗುಳಿಗೆ ಸಾಲದೆ ಅಜ್ಜನಿಗೂ ಇನ್ಸುಲಿನ್ ಬರೆದರು. "ಈಗ ನನಗೂ ಹುಡುಗಿಯ ಕಾಯಿಲೆ ಬಂತೇ?" ಎಂದು ಅವರು ಗಾಬರಿಯಾಗಿದ್ದರು. ಇಲ್ಲ. ಬಹಳ ವರ್ಷ ದುಡಿದು ಅವರ ಕಾವಲುಗಾರ ದಣಿದಿದ್ದಾನೆ. ಸೂಜಿ ಬಂದ ಮಾತ್ರಕ್ಕೆ ಟೈಪ್ 2 ಟೈಪ್ 1 ಆಗುವುದಿಲ್ಲ. ಹಾಗೆಯೇ ವಯಸ್ಸು ನೋಡಿ ತೀರ್ಮಾನಿಸುವುದೂ ತಪ್ಪು. ನಲವತ್ತರಲ್ಲೂ ಟೈಪ್ 1 ಬರುತ್ತದೆ, ಬೊಜ್ಜಿರುವ ಹದಿಹರೆಯದವರಿಗೆ ಟೈಪ್ 2 ಬರುತ್ತದೆ. ಹೊಸದಾಗಿ ಶುಗರ್ ಕಂಡ ದೊಡ್ಡವರು ತೆಳ್ಳಗಿದ್ದು, ಬೇಗ ಬೇಗ ತೂಕ ಇಳಿಯುತ್ತ, ಗುಳಿಗೆಗೆ ಬಗ್ಗದಿದ್ದರೆ ಆಂಟಿಬಾಡಿ ಮತ್ತು ಸಿ-ಪೆಪ್ಟೈಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಆ ಹುಡುಗಿ ರಂಜಾನಿನಲ್ಲಿ ರೋಜಾ ಇಡುತ್ತೇನೆಂದು ಹಟ ಹಿಡಿದಳು. ಟೈಪ್ 1 ಇದ್ದವರಿಗೆ ಉಪವಾಸದಲ್ಲಿ ಸಕ್ಕರೆ ತೀರ ಇಳಿಯುವ ಅಪಾಯವೂ ಇದೆ, ಏರಿ ಕೀಟೋನ್ ಆಗುವ ಅಪಾಯವೂ ಇದೆ. ವೈದ್ಯರು ಬೇಡವೆಂದರು. ಕಾಯಿಲೆಯವರಿಗೆ ರಿಯಾಯಿತಿ ಇದೆಯೆಂದು ಮೌಲಾನಾ ಸಾಹೇಬರು ತಿಳಿಹೇಳಿದ ಮೇಲೆ ಒಪ್ಪಿದಳು. ಅಜ್ಜನ ವಿಷಯ ಬೇರೆ. ಗುಳಿಗೆಯ ಮೇಲಿದ್ದಾಗ ಅವರು ಎರಡು ತಿಂಗಳು ಮೊದಲೇ ವೈದ್ಯರಿಗೆ ತೋರಿಸಿ, ಔಷಧಿಯ ಹೊತ್ತು ಬದಲಿಸಿಕೊಂಡು ರೋಜಾ ಇಡುತ್ತಿದ್ದರು. ಈ ವರ್ಷ ಇನ್ಸುಲಿನ್ ಇರುವುದರಿಂದ ಮತ್ತೆ ಹೊಸದಾಗಿ ಕೇಳಬೇಕು.

ಇಲ್ಲಿ ಶಿಕ್ಷಕರೂ ಇದ್ದೀರಿ. ತರಗತಿಯಲ್ಲಿ ಇಂಥ ಮಗುವಿದ್ದರೆ ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣ ಸಕ್ಕರೆ ಇರಲಿ. ಮಗು ಬೆವತು, ಕೈ ನಡುಗಿ, ಮಂಕಾದರೆ ಮೂರು ಚಮಚ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಿರಿ. ನೀರಿಗೆ, ಮೂತ್ರಕ್ಕೆ ಕೇಳಿದರೆ ಕಳಿಸಿ.